ಉಬ್ಬಿನ ಮೇಲೆ ನಿಲ್ಲುವ ಅಕ್ಷರ

ಜಹೀರಾಬಾದಿನ ಹಳೆಯ ಪೇಟೆಯಲ್ಲಿ ನನ್ನ ದೊಡ್ಡಪ್ಪನವರು ನಡೆಸುತ್ತಿದ್ದ, ಚಿನ್ನ ಬೆಳ್ಳಿಯ ಪತ್ತಾರಿಕೆಯ ಅಂಗಡಿಗೆ ನಾನು ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ರಾಜ್ಯಗಳ ಗಡಿಯನ್ನು ಹೊಸದಾಗಿ ಎಳೆದು ಏಳೆಂಟು ವರ್ಷಗಳಾಗಿದ್ದವು. ಬೀದರ ಕನ್ನಡದ ಕಡೆಗೆ ಹೋಗಿತ್ತು, ನಾವು ತೆಲುಗಿನ ಕಡೆ ಉಳಿದಿದ್ದೆವು. ನಮ್ಮ ಬೀಗರೂ ಗಿರಾಕಿಗಳೂ ಎರಡೂ ಕಡೆ ಇದ್ದರು. ಅದಕ್ಕೆ ಮೊದಲು ಒಂಬತ್ತು ವರ್ಷ ನಾನು ಒಂದು ಮಠದ ಪಾಠಶಾಲೆಯಲ್ಲಿದ್ದೆ. ವ್ಯಾಕರಣವನ್ನೂ ಕಾವ್ಯವನ್ನೂ ಕಲಿಸಿದ ಗುರುಗಳೇ ಅಕ್ಷರ ಬರೆಯುವುದನ್ನೂ ಕಲಿಸಿದ್ದರು. ಜೊಂಡಿನ ಲೆಕ್ಕಣಿಕೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ಮಸಿಯಲ್ಲಿ ಅದ್ದಿ ಎಳೆದರೆ ಅಕ್ಷರದ ಮೈ ಒಂದೆಡೆ ತುಂಬಿಕೊಂಡು, ತಿರುವಿನಲ್ಲಿ ಕೂದಲೆಳೆಯಷ್ಟು ಸಣ್ಣದಾಗಿ, ಮತ್ತೆ ತುಂಬಿಕೊಳ್ಳುತ್ತಿತ್ತು. ಅಕ್ಷರವೆಂದರೆ ಸರಸ್ವತಿಯ ದೇಹವೆಂದು ಗುರುಗಳು ಹೇಳುತ್ತಿದ್ದರು. ನಾನದನ್ನು ನಂಬಿದ್ದೆ, ಈಗಲೂ ನಂಬುತ್ತೇನೆ.

ದೊಡ್ಡಪ್ಪನವರಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಅವರು ಬೆಳಿಗ್ಗೆ ಕಾಳಮ್ಮನ ಪಟಕ್ಕೆ ದೀಪ ಹಚ್ಚಿ, ಉಳಿಗಳನ್ನು ಕಣ್ಣಿಗೆ ಒತ್ತಿಕೊಂಡು ಮಣೆಯ ಮೇಲೆ ಕುಳಿತರೆ ಮಧ್ಯಾಹ್ನದ ಊಟಕ್ಕೇ ಏಳುವವರು. ಉಂಗುರಕ್ಕೆ ಹೆಸರು ಕೊರೆಯಬೇಕಾಗಿ ಬಂದಾಗ ಹಿಂದೆಲ್ಲ ಗಿರಾಕಿಯೇ ಒಂದು ಚೀಟಿಯಲ್ಲಿ ಬರೆಸಿ ತರಬೇಕಾಗಿತ್ತು. ದೊಡ್ಡಪ್ಪ ಅದನ್ನು ಹೂವಿನ ಬಳ್ಳಿಯನ್ನು ನೋಡಿ ಕೆತ್ತುವಂತೆ ನೋಡಿ ಕೆತ್ತುತ್ತಿದ್ದರು. ನಾನು ಬಂದ ಮೇಲೆ ಆ ಕೆಲಸ ನನಗೆ ಬಂತು. ಲಗ್ನದ ದಿನಗಳಲ್ಲಿ ವರನ ಉಂಗುರಕ್ಕೆ ಹೆಸರು ಹಾಕಿಸುವ ರೂಢಿ ನಮ್ಮ ಕಡೆ ಆಗ ಹೆಚ್ಚುತ್ತಿತ್ತು. ನನ್ನ ಅಕ್ಷರಗಳನ್ನು ನೋಡಿ ಜನ ತಲೆದೂಗಿದರು. ಕಚೇರಿಯಲ್ಲಿ ಕಾರಕೂನರಾಗಿದ್ದ ಒಬ್ಬರು ತಮ್ಮ ಉಂಗುರವನ್ನು ಬೆಳಕಿಗೆ ಹಿಡಿದು, "ಇದ್ ಪತ್ತಾರರ ಕೆಲಸ ಅಲ್ರಿ, ಶಾಸ್ತ್ರಿಗಳ ಕೆಲಸ" ಎಂದದ್ದು ನನ್ನ ಕಿವಿಯಲ್ಲಿ ಬಹಳ ದಿನ ಉಳಿಯಿತು.

ಅದೇ ವರ್ಷ, ಅದೇ ಬಗೆಯ ಅಕ್ಷರಗಳನ್ನು ಹಾಕಿಸಿಕೊಂಡಿದ್ದ ಒಬ್ಬ ರೈತ, ದೌಲತಾಬಾದ್ ಕಡೆಯವನು, ಎರಡು ಬೆಳೆಯ ರಾಶಿ ಮುಗಿಸಿ ಮತ್ತೆ ಬಂದ. ಉಂಗುರದ ಮೇಲೆ ಅಲ್ಲೊಂದು ಇಲ್ಲೊಂದು ಗೀರು ಮಾತ್ರ ಉಳಿದಿತ್ತು.

"ನೀ ನೇಗಿಲ ಮೇಳಿ ಹಿಡಿಯೋ ಕೈಯಾಗ ಹಾಕ್ಕೊಂಡಿ. ಅದಕ್ಕ ಸವದದ," ಎಂದೆ ನಾನು.

"ಮತ್ತ ಯಾವ ಕೈಯಾಗ ಹಾಕ್ಕೊಳ್ಳಲಿ? ನನಗ ಎರಡೂ ಕೈಲೆ ಕೆಲಸ ಅದ," ಎಂದ ಅವನು.

ದೊಡ್ಡಪ್ಪ ತಲೆ ಎತ್ತದೆ ನಕ್ಕರು. "ಪಂಡಿತರೇ, ಕಾರಕೂನರ ಬೆರಳು ಕಾಗದ ಅಷ್ಟೇ ಮುಟ್ಟತದ. ನಿಮ್ಮ ಅಕ್ಷರ ಅಲ್ಲೇ ಬದಕ್ತಾವ."

ಆ ಮಾತನ್ನು ನಾನು ಕುಚೋದ್ಯವೆಂದು ತಿಳಿದೆ. ತಪ್ಪು ಬಳಸುವವನದೆಂದೇ ನನ್ನ ತೀರ್ಮಾನವಾಗಿತ್ತು.

ಮರುವರ್ಷದ ಶ್ರಾವಣದಲ್ಲಿ ಕಂಗ್ಟಿಯ ಹತ್ತಿರದ ಒಂದು ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ತನ್ನ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ಎಂಟೊಂಬತ್ತು ವರ್ಷವಿರಬಹುದು. ಕಣ್ಣು ಬಹಳ ಚುರುಕು. ಅಂಗಡಿಯಲ್ಲಿದ್ದ ಪ್ರತಿಯೊಂದು ವಸ್ತುವನ್ನೂ ಒಂದು ಸುತ್ತು ನೋಡಿ, ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಮೆಲ್ಲನೆ ಒತ್ತಿ ಅದು ಏಳುವುದನ್ನೂ ಇಳಿಯುವುದನ್ನೂ ಕಂಡು ನಗುತ್ತಿದ್ದಳು. ನಾನು ಹೆಸರೇನೆಂದು ಕೇಳಿದೆ. ಅವಳು ತಿರುಗಿ ನೋಡಲಿಲ್ಲ.

"ಆಕಿಗಿ ಕೇಳಂಗಿಲ್ರಿ, ಪತ್ತಾರಣ್ಣಾ. ಮಾತೂ ಬರಂಗಿಲ್ಲ," ಎಂದಳು ತಾಯಿ. "ಹುಟ್ಟಿನಿಂದ ಹಂಗೇ. ಶಾಣ್ಯಾ ಅದಾಳ, ಖರೇ ಹೇಳ್ತೀನಿ, ನಮ್ಮನ್ಯಾಗ ಎಲ್ಲಾರಕಿಂತ ಶಾಣ್ಯಾ. ಆದ್ರ ಕಾಲು ನಿಲ್ಲಂಗಿಲ್ಲ. ಬಂಡಿ ಕಂಡ್ರ ಬಂಡಿ ಹಿಂದ, ಬಸ್ ಕಂಡ್ರ ಬಸ್ ಹಿಂದ. ಹೋದ ಸಂತ್ಯಾಗ ಖೇಡಿನ ತನಕ ಹೋಗಿದ್ಳು."

ಖೇಡವೆಂದರೆ ನಾರಾಯಣಖೇಡ, ಅವರ ತಾಲೂಕಿನ ಊರು. ಆಕೆಗೆ ಬೇಕಾಗಿದ್ದದ್ದು ಒಂದು ಬೆಳ್ಳಿಯ ಪದಕ. ಅದರ ಮೇಲೆ ಹುಡುಗಿಯ ಹೆಸರು, ತಂದೆಯ ಹೆಸರು, ಊರು. "ಎಲ್ಲೆರ ತಪ್ಪಿಸ್ಕೊಂಡ್ರ ಯಾರರೆ ಓದಿ ಮನಿಗಿ ತಂದ ಬಿಡ್ಲಿ ಅಂತ," ಎಂದಳು. "ನನಗ ಓದಾಕ ಬರಂಗಿಲ್ರಿ. ನೀವು ಬರದಿದ್ದೇ ಬರಹ."

ಇಷ್ಟು ಸ್ಪಷ್ಟವಾಗಿ ಯಾವ ಗಿರಾಕಿಯೂ ತನ್ನ ಅಗತ್ಯವನ್ನು ಹೇಳಿದ್ದನ್ನು ನಾನು ಮುಂದೆಯೂ ಹೆಚ್ಚಾಗಿ ಕೇಳಿಲ್ಲ. ಆದರೂ ನಾನು ಕೇಳಿಸಿಕೊಳ್ಳಲಿಲ್ಲ. ಮಾತು ಬಾರದ ಮಗುವಿನ ಕೊರಳಿಗೆ ಬೀಳುವ ಪದಕವೆಂದು ನನ್ನ ಮನಸ್ಸು ಭಕ್ತಿಯಿಂದ ತುಂಬಿ ಹೋಯಿತು. ದೊಡ್ಡಪ್ಪ ತಗಡನ್ನು ಬಡಿದು, ನಿಂಬೆಹಣ್ಣಿನ ಅರ್ಧದಂತೆ ಉಬ್ಬಿಸಿ ಕೊಟ್ಟರು. ಆ ಉಬ್ಬಿನ ನೆತ್ತಿಯಲ್ಲಿ, ಎಲ್ಲಕ್ಕಿಂತ ವಿಶಾಲವಾದ ಜಾಗದಲ್ಲಿ, ನಾನು ಶ್ರೀಕಾರವನ್ನು ಬರೆದೆ. ಅದಕ್ಕೆ ಎಡಬಲದಲ್ಲಿ ಬಳ್ಳಿ. ಕೆಳಗೆ ಹೆಸರು. ಅದರ ಕೆಳಗೆ ತಂದೆಯ ಹೆಸರು. ಕಟ್ಟಕಡೆಗೆ, ಪದಕದ ಮೈ ಅಂಚಿನತ್ತ ಜಾರುವ ಕಡೆ, ಉಳಿದ ಚೂರು ಜಾಗದಲ್ಲಿ ಊರು. ಗುರುಗಳು ಕಲಿಸಿದ ಅಕ್ಷರವೇ: ತುಂಬಿದ ಮೈ, ಕೂದಲೆಳೆಯ ತಿರುವು, ಮುಚ್ಚಿದ ಪುಟ್ಟ ಪುಟ್ಟ ಸುಳಿಗಳು, ಬಾಗಿದ ಒತ್ತಕ್ಷರಗಳು.

ದೊಡ್ಡಪ್ಪ ಅದನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನ ಉಗುರಿನಿಂದ ಒಮ್ಮೆ ಸವರಿದರು. "ಚಂದ ಅದ," ಎಂದರು. ಪದಕವನ್ನು ಮಣೆಯ ಮೇಲಿಟ್ಟು, "ಎಷ್ಟ ದಿನ ಚಂದ ಇರ್ತದ?" ಎಂದರು.

ತಾಯಿ ಮಾತ್ರ ಪದಕವನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿಕೊಂಡಳು. "ಮ್ಯಾಲ ದೇವರದಾನೇನ್ರಿ?" ಎಂದು ಕೇಳಿದಳು. ಹೌದೆಂದೆ. ಅವಳ ಕಣ್ಣು ತೇವವಾಯಿತು. ಆ ದಿನ ನಾನು ಬಹಳ ಸಂತೋಷದಿಂದ ಊಟ ಮಾಡಿದೆ.

ಒಂದೂವರೆ ವರ್ಷದ ಮೇಲೆ, ಸಂಕ್ರಾಂತಿ ಕಳೆದು ತೊಗರಿಯ ರಾಶಿ ನಡೆಯುತ್ತಿದ್ದಾಗ, ಅವಳು ಮತ್ತೆ ಬಂದಳು. ಹುಡುಗಿ ಎತ್ತರವಾಗಿದ್ದಳು. ಅವಳ ಎಡಗೈ ಮಣಿಕಟ್ಟಿಗೆ ಹತ್ತಿಯ ಹಗ್ಗವೊಂದನ್ನು ಕಟ್ಟಿತ್ತು. ಅದರ ಇನ್ನೊಂದು ತುದಿ ತಾಯಿಯ ಸೊಂಟದಲ್ಲಿತ್ತು. ಹಗ್ಗದ ಕೆಳಗಿನ ಚರ್ಮ ಕಪ್ಪಾಗಿ ಒರಟಾಗಿತ್ತು.

ತಾಯಿ ಸೆರಗಿನ ಗಂಟು ಬಿಚ್ಚಿ ಪದಕವನ್ನು ನನ್ನ ಮಣೆಯ ಮೇಲಿಟ್ಟಳು. "ಇದರಾಗ ಏನ್ ಬರದಿದ್ರಿ, ಅಣ್ಣಾ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದಳು.

ನಡೆದದ್ದನ್ನು ಅವಳೇ ಹೇಳಿದಳು. ದೀಪಾವಳಿ ಕಳೆದ ಮೇಲೆ ತಾಂಡೂರಿನಲ್ಲಿ ಅವಳ ತಂಗಿಯ ಮನೆಯಲ್ಲಿ ಲಗ್ನವಿತ್ತು. ಮದುವೆಮನೆಯ ಗದ್ದಲದಲ್ಲಿ ಹುಡುಗಿ ಕಾಣೆಯಾದಳು. ಕಲ್ಲಿನ ಗಾಡಿಯೊಂದರ ಹಿಂದೆ ನಡೆದು ನಡೆದು ಊರು ದಾಟಿ ಬಹು ದೂರದ ಬಂಡೆಗಣಿಯವರೆಗೆ ಹೋಗಿದ್ದಳು. ಅಲ್ಲಿ ಕಲ್ಲು ಒಡೆಯುವ ಒಂದು ಕುಟುಂಬ ಅವಳನ್ನು ಮನೆಯಲ್ಲಿಟ್ಟುಕೊಂಡು ಉಣಿಸಿತು. ಅವರು ಪದಕವನ್ನು ಕಂಡು, ಓದಬಲ್ಲವರನ್ನು ಹುಡುಕಿಕೊಂಡು ತಿರುಗಿದರು. ಒಬ್ಬ ಮಾಸ್ತರರು ನೋಡಿದರು. ಠಾಣೆಯ ಜವಾನರು ನೋಡಿದರು. ಅಂಚೆಯವರು ಕನ್ನಡಕ ಹಾಕಿಕೊಂಡು ನೋಡಿದರು. ಯಾರಿಗೂ ಒಂದು ಪದ ಸಿಕ್ಕಲಿಲ್ಲ. ಐದನೆಯ ದಿನ, ಕಂಗ್ಟಿ ಕಡೆಯಿಂದ ಬೇಳೆ ಹೇರಿಕೊಂಡು ಬಂದಿದ್ದ ಒಬ್ಬ ವ್ಯಾಪಾರಿ ಹುಡುಗಿಯ ಮುಖದ ಗುರುತು ಹಿಡಿದ.

"ಆ ನಾಕ್ ದಿನ ನಾ ಹೆಂಗ್ ಇದ್ದೆ ಅಂತ ಹೇಳಾಕ ಬರಂಗಿಲ್ರಿ," ಎಂದಳು. "ಈಗ ಕಟ್ಟೀನಿ. ಹೊಲಕ್ಕ ಹೋದ್ರೂ ಕಟ್ಟೀನಿ, ಮಲಗಿದ್ರೂ ಕಟ್ಟೀನಿ. ಮೊದಲ ಮೊದಲ ಎಳದು ಎಳದು ಅತ್ಳು. ಈಗ ಅಳಂಗಿಲ್ಲ. ಅದೇ ನನಗ ತಡಕೊಳ್ಳಾಕ ಆಗವಲ್ದು."

ನಾನು ಪದಕವನ್ನು ಬೆಳಕಿಗೆ ಹಿಡಿದೆ. ಶ್ರೀಕಾರದ ಹೊಟ್ಟೆ ಉಳಿದಿತ್ತು. ಬಳ್ಳಿಯ ಎರಡು ಎಲೆ ಉಳಿದಿದ್ದವು. ಹೆಸರಿದ್ದ ಸಾಲಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ದಪ್ಪ ಗೀರುಗಳು, ತಿರುವುಗಳೆಲ್ಲ ಮಾಯವಾಗಿ, ತುಂಡಾದ ಬಳೆಯ ಚೂರುಗಳಂತೆ ಬಿದ್ದಿದ್ದವು. ತೀರ ಸಣ್ಣಗೆ ಕೊರೆದಿದ್ದ ಊರಿನ ಸಾಲು ಇದ್ದ ಜಾಗ ಕನ್ನಡಿಯಂತೆ ನಯವಾಗಿತ್ತು.

"ದಿನಾ ತಿಕ್ಕತಿದ್ದಿ ಏನ್, ತಾಯಿ?" ಎಂದು ದೊಡ್ಡಪ್ಪ ಕೇಳಿದರು.

"ಸೋಮಾರಕ್ಕೊಮ್ಮಿ ಬೂದಿ, ಹುಣಸಿಹಣ್ಣು ಹಚ್ಚಿ ತಿಕ್ಕತಿದ್ದೆರಿ. ದೇವರ ಅಕ್ಷರ ಅದ ಅಂದಿದ್ರಲ್ಲ, ಕರ್ರಗಾಗಬಾರ್ದು ಅಂತ. ಆಕಿನೂ ಹಗಲೆಲ್ಲಾ ಹೆಬ್ಬೆರಳಿಲೆ ಸವರತಿದ್ಳು. ಭಾಳ ಸೇರಿತ್ತು ಆಕಿಗಿ."

ನಾನು ಭಕ್ತಿಯಿಂದ ಕೊರೆದದ್ದನ್ನು ಅವಳು ಭಕ್ತಿಯಿಂದ ತಿಕ್ಕಿದ್ದಳು. ಮಗು ಪ್ರೀತಿಯಿಂದ ಸವರಿತ್ತು. ಈ ಬಾರಿ ಬಳಸಿದವರ ಮೇಲೆ ತಪ್ಪು ಹೊರಿಸಲು ನನ್ನ ನಾಲಿಗೆ ಏಳಲಿಲ್ಲ. ಆ ಹುಡುಗಿ ಹಗ್ಗ ಸಾಗುವಷ್ಟು ದೂರ ಸರಿದು, ಕೈ ಚಾಚಿ, ತಕ್ಕಡಿಯ ತಟ್ಟೆಯನ್ನು ಮುಟ್ಟಲು ನೋಡುತ್ತಿದ್ದಳು. ತಟ್ಟೆ ಒಂದು ಗೇಣು ಆಚೆ ಇತ್ತು.

"ಇನ್ನೊಂದು ಮಾಡಿ ಕೊಡ್ತೀನಿ," ಎಂದೆ. "ಓದಾಕ ಬರೋದು."

"ಅದು ಖರೇ ಓದಾಕ ಬರ್ತದ ಅಂತ ನನಗ ಗೊತ್ತಾದ ದಿನ ಈ ಹಗ್ಗ ಬಿಚ್ಚತೀನ್ರಿ," ಎಂದಳು ತಾಯಿ. "ಅಲ್ಲೀತನಕ ಇಲ್ಲ."

ಹದಿನೈದು ದಿನ ಬಿಟ್ಟು ಬರಲು ಹೇಳಿ ಕಳುಹಿಸಿದೆವು.

ಮರುದಿನ ಅಮಾವಾಸ್ಯೆ. ನಮ್ಮವರು ಅಂದು ಉಳಿ ಮುಟ್ಟುವುದಿಲ್ಲ. ಬಾಗಿಲು ಹಾಕಿದ ಅಂಗಡಿಯಲ್ಲಿ ದೊಡ್ಡಪ್ಪನವರ ಎದುರು ಕುಳಿತು, ನಾನು ಮೊದಲ ಸಲ ವಿದ್ಯಾರ್ಥಿಯಂತೆ ಕೇಳಿದೆ: ಎಲ್ಲಿ ತಪ್ಪಾಯಿತು?

ಅವರು ಗೇಲಿ ಮಾಡಲಿಲ್ಲ. "ನಿನ್ನ ಲೆಕ್ಕಣಿಕೆ ಕಾಗದದ ಮ್ಯಾಲ ಸಣ್ಣ ಗೆರಿ ಎಳದ್ರೂ ಮಸಿ ಅಷ್ಟೇ ಕರ್ರಗಿರ್ತದ," ಎಂದರು. "ಉಳಿ ಹಂಗಲ್ಲ. ಅದರ ಮೂತಿ ಚೂಪ. ಆಳಕ್ಕ ಹೋದಂಗ ಅಗಲ ಆಗ್ತದ. ಸಣ್ಣ ಗೆರಿ ಅಂದ್ರ ಮ್ಯಾಲ ಮ್ಯಾಲಿನ ಗೆರಿ. ಸವಿಯಾಕ ಹತ್ತಿದ್ರ ಅದೇ ಮೊದಲ ಹೋಗ್ತದ. ನಿನ್ನ ಅಕ್ಷರದಾಗ ಒಂದನ್ನ ಇನ್ನೊಂದಕ್ಕ ಜೋಡಸೋದೆಲ್ಲಾ ಆ ಸಣ್ಣ ಗೆರಿನೇ. ಅದು ಹೋತಂದ್ರ ಏನ್ ಉಳೀತು?"

ಒಂಬತ್ತು ವರ್ಷ ಅಕ್ಷರವನ್ನು ಆರಾಧಿಸಿದ ನನಗೆ ಇದು ಹೊಳೆದಿರಲಿಲ್ಲ. ಲೋಹದಲ್ಲಿ ಸಣ್ಣ ಗೆರೆಯೂ ಆಳವಿಲ್ಲದ ಗೆರೆಯೂ ಒಂದೇ. ಬರೆಯುವ ವಸ್ತು ಬೇರೆಯಾದರೆ ಅಕ್ಷರವೂ ಬೇರೆ ವ್ರತವನ್ನು ಹಿಡಿಯಬೇಕಾಗುತ್ತದೆ.

ಮರುದಿನದಿಂದ ಪರೀಕ್ಷೆ ಆರಂಭವಾಯಿತು. ಹಳೆಯ ತಾಮ್ರದ ತಗಡುಗಳನ್ನು ತುಂಡು ಮಾಡಿ, ಪದಕದಂತೆ ಉಬ್ಬಿಸಿ, ಒಂದೊಂದರ ಮೇಲೆ ಆ ಹಳ್ಳಿಯ ಹೆಸರನ್ನೇ ಒಂದೊಂದು ಬಗೆಯಲ್ಲಿ ಕೊರೆದೆ. ಒಂದರಲ್ಲಿ ಗುರುಗಳ ಅಕ್ಷರ. ಒಂದರಲ್ಲಿ ಶಾಲೆಯ ಪುಸ್ತಕದ ಅಚ್ಚಿನ ಅಕ್ಷರ. ಇನ್ನೊಂದರಲ್ಲಿ ತಾಳೆಗರಿಯ ಅಕ್ಷರ, ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪದ ಗೆರೆ. ಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀಚುತ್ತಿದ್ದ ಹಿರಿಯರಿಗೆ ದಪ್ಪ ತೆಳುವಿನ ವಿಲಾಸಕ್ಕೆ ಅವಕಾಶವೇ ಇರಲಿಲ್ಲ. ಪಾಠಶಾಲೆಯಲ್ಲಿ ಅಂಥ ಗರಿಗಳನ್ನು ಕಂಡು ಇವು ಅಂದವಿಲ್ಲದ ಅಕ್ಷರಗಳೆಂದು ನಾವು ಹುಡುಗರು ನಕ್ಕಿದ್ದೆವು.

ಕೊರೆದ ತುಂಡುಗಳನ್ನು ನನ್ನ ಹೆಂಡತಿಯ ಕೈಗೆ ಕೊಟ್ಟೆ. ಪಾತ್ರೆ ತಿಕ್ಕುವಾಗ ಇವನ್ನೂ ತಿಕ್ಕಬೇಕು, ಬೂದಿ ಹುಣಸೆಹಣ್ಣು ಹಚ್ಚಿ, ಒಂದೊಂದಕ್ಕೆ ದಿನಕ್ಕೆ ನೂರು ಸಲ, ಎಂದೆ.

"ನೂರಾ?" ಎಂದಳು. "ನಿಮ್ಮ ಅಕ್ಷರದ ಮ್ಯಾಲ ನನಗ ಇಷ್ಟು ಸಿಟ್ಟು ಯಾವಾಗೂ ಬಂದಿರ್ಲಿಲ್ಲ. ಕೊಡ್ರಿ, ಇವತ್ತ ತೀರಸ್ಕೋತೀನಿ."

ಅವಳು ಲೆಕ್ಕ ತಪ್ಪದೆ ತಿಕ್ಕಿದಳು. ನಾಲ್ಕನೆಯ ದಿನಕ್ಕೆ ಗುರುಗಳ ಅಕ್ಷರ ತುಂಡು ತುಂಡಾಯಿತು. ಅಚ್ಚಿನ ಅಕ್ಷರದ ಮುಚ್ಚಿದ ಸುಳಿಗಳಲ್ಲಿ, ಎರಡು ಗೆರೆಗಳ ನಡುವೆ ಉಳಿದಿದ್ದ ಎಳ್ಳುಕಾಳಿನಷ್ಟು ಲೋಹ ಸವೆದು ಕುಸಿದು, ಸುಳಿಯೆಲ್ಲ ಒಂದು ಗುಂಡಿಯಾಗಿ ಕಾಣತೊಡಗಿತು. ಬೂದಿ ಅದರಲ್ಲಿ ತುಂಬಿಕೊಂಡಿತು. ತಾಳೆಗರಿಯ ಅಕ್ಷರ ಮಾತ್ರ ಸಮನಾಗಿ ಸವೆಯಿತು. ಆಳ ಕಡಿಮೆಯಾಗಿತ್ತು, ಆದರೆ ಎಲ್ಲಿಯೂ ತುಂಡಾಗಿರಲಿಲ್ಲ. ಎಲ್ಲ ಅಂಗಗಳೂ ಒಟ್ಟಿಗೆ ಮುಪ್ಪಾಗುವ ಮನುಷ್ಯನಂತೆ ಅದು ತನ್ನ ಗುರುತನ್ನು ಉಳಿಸಿಕೊಂಡಿತ್ತು.

ಅದನ್ನೇ ಹಿಡಿದು ಮುಂದುವರಿದೆ. ಸುಳಿಗಳನ್ನು ಬಿಡಿಸಿ ದೊಡ್ಡದಾಗಿಸಿದೆ. ಅಕ್ಷರದಿಂದ ಅಕ್ಷರಕ್ಕೆ ಕಾಗದದ ಮೇಲೆ ಬಿಡುವುದಕ್ಕಿಂತ ಹೆಚ್ಚು ಜಾಗ ಬಿಟ್ಟೆ. ಏಕೆಂದರೆ ಉಬ್ಬಿನ ಬದಿಯಲ್ಲಿರುವ ಅಕ್ಷರ ನೋಡುವವರ ಕಣ್ಣಿಗೆ ಒತ್ತಿಕೊಂಡು ಕಾಣುತ್ತದೆ. ಒತ್ತಕ್ಷರವನ್ನು ಇಳಿಜಾರಿಗೆ ಜಾರಲು ಬಿಡದೆ ಸಾಲನ್ನೇ ಮೇಲಕ್ಕೆ ಎತ್ತಿದೆ. ತಲೆಕಟ್ಟನ್ನು ಚಿಕ್ಕದಾಗಿ, ಸರಳವಾಗಿ ಮಾಡಿದೆ. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಸೀಮೆಯಲ್ಲಿ ಶಾಲೆಗಳು ತೆಲುಗಿಗೆ ತಿರುಗಿದ್ದವು. ಪದಕವನ್ನು ಓದುವವನು ಕನ್ನಡದವನೇ ಆಗಿರುವನೆಂಬ ನೆಚ್ಚಿಕೆಯಿರಲಿಲ್ಲ. ಎರಡೂ ಲಿಪಿಗಳು ಒಂದೇ ತಾಯಿಯ ಮಕ್ಕಳಾದ್ದರಿಂದ, ಅಲಂಕಾರವನ್ನು ಕಳೆದಷ್ಟೂ ಅವು ಒಂದನ್ನೊಂದು ಹೋಲುತ್ತ ಬಂದವು.

ಉಳಿದಿದ್ದ ಪ್ರಶ್ನೆ ಎಂದರೆ ಏನನ್ನು ಬರೆಯುವುದು. ಅಕ್ಷರ ದೊಡ್ಡದಾದಂತೆ ಮಾತು ಕಡಿಮೆಯಾಗಬೇಕು. ಮೊದಲಿನಂತೆ ನಾಲ್ಕು ಸಾಲಿಗೆ ಜಾಗವಿಲ್ಲ. ಈ ವಿಚಾರವನ್ನು ಕೇಳಲು ನಾನು ಖೇಡದ ಸಂತೆಯ ದಿನ ಅಲ್ಲಿಗೆ ಹೋಗಿ ಆ ತಾಯಿಯನ್ನೂ ಅವಳ ಗಂಡನನ್ನೂ ಕಂಡೆ. ಗಂಡ ಜೋಳದ ಚೀಲದ ಮೇಲೆ ಕುಳಿತಿದ್ದ, ಮಿತಭಾಷಿ.

"ಹೆಸರ ಇರ್ಬೇಕ್ರಿ," ಎಂದ ಅವನು. "ಮಗಳ ಹೆಸರಿಲ್ಲದ ಪದಕ ಯಾಕ ಬೇಕು?"

ತಾಯಿ ಒಪ್ಪಲಿಲ್ಲ. "ಹೆಸರ ಹಿಡದು ಕರದ್ರ ಆಕಿಗಿ ಕೇಳ್ತದೇನು? ಊರ ಗೊತ್ತಾದ್ರ ತಂದ ಬಿಡ್ತಾರ. ಊರ ಬರೀರಿ, ಅಣ್ಣಾ. ಖೇಡ ಬರೀರಿ. ಹೆಸರ ನಾವು ಊರಾಗಿದ್ದವರು ಹೇಳ್ತೀವಿ."

ಅವನು ಹಗ್ಗದ ತುದಿಯಲ್ಲಿ ಕುಳಿತು ಕಾಳನ್ನು ಸಾಲಾಗಿ ಜೋಡಿಸುತ್ತಿದ್ದ ಮಗಳನ್ನು ನೋಡಿ, "ಆತು, ಹಂಗೇ ಆಗ್ಲಿ" ಎಂದ.

ನನಗೆ ಉಳಿದದ್ದು ನನ್ನದೇ ಸಂಕಟ. ಶ್ರೀಕಾರವಿಲ್ಲದೆ ನಾನು ಅಂದಿನವರೆಗೆ ಏನನ್ನೂ ಬರೆದವನಲ್ಲ. ಅದನ್ನು ಬಿಡುವುದೆಂದರೆ ದೇವರಿಗೆ ಬೆನ್ನು ತಿರುಗಿಸಿದಂತೆ ಕಂಡಿತು. ಎರಡು ದಿನ ಕೆಲಸ ನಿಂತಿತು. ಮೂರನೆಯ ಬೆಳಿಗ್ಗೆ ಕಾಳಮ್ಮನ ಮುಂದೆ ಕುಳಿತಿದ್ದಾಗ, ಪದಕದ ಹಿಂಬದಿ ನೆನಪಾಯಿತು. ಉಬ್ಬಿದ ತಗಡಿನ ಹಿಂದೆ ತಗ್ಗು ಇರುತ್ತದೆ. ಅಲ್ಲಿಗೆ ಹೆಬ್ಬೆರಳು ಹೋಗುವುದಿಲ್ಲ. ಅಲ್ಲಿ ಕೊರೆದದ್ದನ್ನು ಯಾರೂ ನೋಡುವುದೂ ಇಲ್ಲ. ಅದು ಮಗುವಿನ ಎದೆಗೆ ತಾಗಿಕೊಂಡಿರುತ್ತದೆ. ಜಗಲಿಯಲ್ಲಿ ಜನ ಬಂದು ಹೋಗಲಿ, ದೇವರು ಗರ್ಭಗುಡಿಯಲ್ಲಿರಲಿ ಎಂದು ನನ್ನ ಮನಸ್ಸು ಹಗುರವಾಯಿತು.

ದೊಡ್ಡಪ್ಪ ಈ ಸಲ ದಪ್ಪ ತಗಡನ್ನು ಆರಿಸಿಕೊಂಡು, ನಿಂಬೆಹಣ್ಣಿನಂತೆ ಉಬ್ಬಿಸದೆ, ಕುಂಕುಮದ ಬಟ್ಟಲಿನ ಮುಚ್ಚಳದಷ್ಟೇ ಮೆಲ್ಲಗೆ ಉಬ್ಬಿಸಿದರು. ಸುತ್ತಲೂ ಬೆಳ್ಳಿಯ ತಂತಿಯೊಂದನ್ನು ಬೆಸೆದು ಕಟ್ಟೆ ಎಬ್ಬಿಸಿದರು. "ತಿಕ್ಕೋ ಕೈ ಮೊದಲ ಈ ಕಟ್ಟಿಗಿ ತಾಗ್ಲಿ," ಎಂದರು. "ಇದೂ ಅಷ್ಟು ಪೆಟ್ಟ ತಿನ್ಲಿ."

ಪದಕದ ಹಿಂದೆ ಅರಗನ್ನು ತುಂಬಿ, ಕಟ್ಟಿಗೆಯ ಹಿಡಿಯ ಮೇಲೆ ಕೂರಿಸಿದೆ. ಮೈಗೆ ಸುಣ್ಣದ ತಿಳಿ ಬಳಿದು, ಒಣಗಿದ ಮೇಲೆ ಸೂಜಿಯಿಂದ ಅಕ್ಷರ ಗುರುತಿಸಿದೆ. ಊರಿನ ಹೆಸರು ನೆತ್ತಿಯಲ್ಲಿ, ಅದರ ಕೆಳಗೆ ಖೇಡ. ಮೊದಲು ಚೂಪಾದ ಉಳಿಯಿಂದ ಹಗುರವಾಗಿ ದಾರಿ ಮಾಡಿದೆ. ಆಮೇಲೆ ಚಪ್ಪಟೆ ಮೂತಿಯ ಉಳಿಯಿಂದ ಅದೇ ದಾರಿಯಲ್ಲಿ ಮತ್ತೆ ನಡೆದೆ. ಇದರಿಂದ ಗೆರೆಯ ತಳ ಅಗಲವಾಗಿ, ಸವೆದರೂ ಅಗಲ ಉಳಿಯುತ್ತದೆ. ಉಬ್ಬಿನ ಮೇಲೆ ಉಳಿ ಏರುವಾಗ ಹೆಚ್ಚು ಕಚ್ಚುತ್ತದೆ, ಇಳಿಯುವಾಗ ಜಾರಿ ಮೈಯನ್ನು ಗೀರಿಬಿಡುತ್ತದೆ. ಕೈಯ ಓರೆಯನ್ನು ಹೆಜ್ಜೆ ಹೆಜ್ಜೆಗೂ ಬದಲಿಸಬೇಕು. ತಿರುವು ಬಂದಾಗ ಉಳಿಯನ್ನು ತಿರುಗಿಸದೆ ಅರಗಿನ ಹಿಡಿಯನ್ನು ಎಡಗೈಯಲ್ಲಿ ತಿರುಗಿಸಬೇಕು. ಎರಡು ಸಾಲಿಗೆ ನನಗೆ ಮೂರು ದಿನ ಹಿಡಿಯಿತು. ಕೊನೆಗೆ ದೀಪದ ಕಾಡಿಗೆಯನ್ನು ಅರಗಿನಲ್ಲಿ ಕಲೆಸಿ ಗೆರೆಗಳಲ್ಲಿ ತುಂಬಿ, ಮೇಲಿನದನ್ನು ಒರೆಸಿದೆ. ಬಿಳಿಯ ಬೆಳ್ಳಿಯ ಮೇಲೆ ಕಪ್ಪು ಅಕ್ಷರ ನಿಂತಿತು. ಹಿಂದಿನ ಅರಗನ್ನು ಬಿಡಿಸಿ, ಅಲ್ಲಿಯ ತಗ್ಗಿನಲ್ಲಿ ಬಾಗಿದ ಉಳಿಯಿಂದ ಶ್ರೀಕಾರವನ್ನು ಒಂದೇ ಗೆರೆಯಲ್ಲಿ ಹಾಕಿದೆ. ಅದು ನನ್ನ ಜೀವನದಲ್ಲಿ ನಾನು ಬರೆದ ಅತಿ ಸಾದಾ ಶ್ರೀಕಾರ.

ಹೇಳಿದ ದಿನ ತಾಯಿ ಮಗಳು ಬಂದರು. ನಾನು ಪದಕವನ್ನು ಕೊಟ್ಟೆ. ಅವಳು ಅದನ್ನು ಹಣೆಗೆ ಮುಟ್ಟಿಸಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದು, ಮಗಳನ್ನು ಎಳೆದುಕೊಂಡು ನೇರವಾಗಿ ಬೀದಿಗೆ ಇಳಿದಳು. ನಾನೂ ದೊಡ್ಡಪ್ಪನೂ ಬಾಗಿಲಲ್ಲಿ ನಿಂತು ನೋಡಿದೆವು.

ಮೊದಲು ಸಿಕ್ಕವನು ಪುಸ್ತಕದ ಚೀಲ ಹೊತ್ತ ಒಬ್ಬ ತರುಣ. ಓದಿದ. ಆಮೇಲೆ ಬಟ್ಟೆ ಅಂಗಡಿಯ ಮುದುಕರು. ಕನ್ನಡಕ ಒಳಗಿದೆಯೆಂದು ಗೊಣಗಿದರು. ಕೈಯನ್ನು ಉದ್ದಕ್ಕೆ ಚಾಚಿ ಹಿಡಿದು ಅವರೂ ಓದಿದರು. ಅವಳಿಗೆ ಅಷ್ಟೂ ಸಾಲಲಿಲ್ಲ. ಎದುರಿನ ಬಸ್ಸಿನ ನಿಲ್ದಾಣದಲ್ಲಿ ಬೀಡಿ ಹಚ್ಚುತ್ತಿದ್ದ ಒಬ್ಬ ಕಂಡಕ್ಟರನ ಮುಂದೆ ಹೋಗಿ ನಿಂತಳು. ಅವನು ತೆಲುಗಿನವನು; ಕನ್ನಡ ಮಾತಾಡುತ್ತಿದ್ದ, ಓದುತ್ತಿರಲಿಲ್ಲ. ಅವಳು ಪದಕವನ್ನು ತಲೆಕೆಳಗಾಗಿ ಹಿಡಿದಿದ್ದಳು.

ಅವನು ಕತ್ತು ಓರೆ ಮಾಡಿ ನೋಡಿ, ಊರಿನ ಹೆಸರು ಹೇಳಿದ. "ಖೇಡ್ ದಾಟಿ ಹೋಗ್ಬೇಕು. ಹನ್ನೊಂದು ಗಂಟೆದ್ ಗಾಡಿ ಅದ. ಯಾಕಮ್ಮಾ, ನಿಮ್ಮೂರು ನಿಮಗೇ ಗೊತ್ತಿಲ್ಲೇನು?"

"ಗೊತ್ತದ," ಎಂದಳು ಅವಳು. "ನಿಮಗ ಗೊತ್ತದೋ ಇಲ್ಲೋ ನೋಡಿದೆ."

ಅಂಗಡಿಯ ಮೆಟ್ಟಿಲಿಗೆ ಬಂದು ಕುಳಿತು, ಪದಕವನ್ನು ಮಗಳ ಕೊರಳಿಗೆ ಕಟ್ಟಿದಳು. ಹಗ್ಗದ ಗಂಟು ಬಿಗಿದು ಹೋಗಿತ್ತು; ಹಲ್ಲಿನಿಂದ ಕಚ್ಚಿ ಬಿಡಿಸಿದಳು. ಹುಡುಗಿ ತನ್ನ ಕೈಯನ್ನು ನೋಡಿಕೊಂಡಳು, ತಾಯಿಯ ಮುಖ ನೋಡಿದಳು. ಮೆಲ್ಲಗೆ ಮೂರು ಮೆಟ್ಟಿಲು ಇಳಿದಳು. ಬೀದಿಯ ಆಚೆ ಟಾಂಗಾದ ಕುದುರೆಯೊಂದು ಹುಲ್ಲು ತಿನ್ನುತ್ತಿತ್ತು. ಅವಳು ಅದರ ಕಡೆ ನಡೆದಳು. ತಾಯಿ ಏಳಲು ಹೋದವಳು ಎರಡೂ ಕೈಯಿಂದ ಮೆಟ್ಟಿಲಿನ ಅಂಚನ್ನು ಹಿಡಿದು ಕುಳಿತುಬಿಟ್ಟಳು. "ಹೋಗ್ಲಿ," ಎಂದಳು, ನಮಗೋ ತನಗೋ ತಿಳಿಯದು. "ಹೋಗ್ಲಿ, ಹೋಗ್ಲಿ."

ಆಮೇಲೆ ನಾನು ಉಂಗುರಕ್ಕಾಗಲಿ ಪದಕಕ್ಕಾಗಲಿ ಅಕ್ಷರ ಹಾಕುವ ಮುನ್ನ ಗಿರಾಕಿಯ ಕೈಯನ್ನು ನೋಡತೊಡಗಿದೆ. ಮೇಳಿ ಹಿಡಿಯುವ ಕೈಗೆ ಉಂಗುರದ ಒಳಮೈಯಲ್ಲಿ ಹೆಸರು ಕೊರೆದೆ, ಅಲ್ಲಿ ಉಜ್ಜಾಟ ಕಡಿಮೆ. ಹೊರಗೇ ಬೇಕೆಂದವರಿಗೆ ಪೂರ್ತಿ ಹೆಸರು ಬಿಟ್ಟು ಒಂದೇ ಅಕ್ಷರ, ದೊಡ್ಡದಾಗಿ. ಗುರುಗಳ ಅಕ್ಷರವನ್ನು ನಾನು ಬಿಡಲಿಲ್ಲ. ದಿನವೂ ಪೂಜೆಯ ಬಳಿಕ ಕಾಗದದ ಮೇಲೆ ಬರೆಯುತ್ತೇನೆ.

ಮೂರು ವರ್ಷಗಳ ನಂತರ ಆ ತಾಯಿ, ಆಮೇಲೆ ಹುಟ್ಟಿದ ಮಗನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಉಡಿದಾರ ಮಾಡಿಸಲು ಬಂದಳು. ಜತೆಗೆ ಹುಡುಗಿ ಇರಲಿಲ್ಲ.

"ಎಲ್ಲಿ ಆಕಿ?" ಎಂದೆ.

"ಅಯ್ಯ, ಆಕಿ ಸುದ್ದಿ ಏನ್ ಕೇಳ್ತೀರಿ, ಅಣ್ಣಾ!" ಎಂದು ಅವಳು ಹಣೆ ಚಚ್ಚಿಕೊಂಡಳು. ಆದರೆ ನಗುತ್ತಿದ್ದಳು. "ಹೋದ ಮಳಿಗಾಲದಾಗ ಖೇಡ್ ಸಂತ್ಯಾಗ ಒಬ್ಬಾಕಿನೇ ಬಸ್ ಹತ್ತಿ ಜಹೀರಾಬಾದಿಗಿ ಬಂದಾಳ. ಇಲ್ಲಿ ಕಂಡಕ್ಟರ ಪದಕ ಓದಿ, ಬಿಸಿ ಬಿಸಿ ಮಿರ್ಚಿ ಭಜಿ ತಿನಿಸಿ, ತನ್ನ ಗಾಡ್ಯಾಗೇ ಕೂಡಿಸ್ಕೊಂಡು ಹೊತ್ತು ಮುಳಗೂದ್ರಾಗ ಊರಿಗಿ ತಂದ ಬಿಟ್ಟ. ಅವತ್ತಿಂದ ಕಲತ್ಲು ನೋಡ್ರಿ. ತಿಂಗಳಿಗೊಮ್ಮಿ ಹೋಗ್ತಾಳ. ಬಸ್ಸಿನಾಗ ಕುಂತು ಕಂಡಕ್ಟರ ಬಂದ ಕೂಡ್ಲೆ ಕೊಳ್ಳಾಗಿಂದು ಎತ್ತಿ ಹಿಡೀತಾಳ, ಟಿಕೆಟ್ ತೋರಿಸಿದಂಗ! ಎಲ್ಲಾ ಕಂಡಕ್ಟರಗೂ ಗುರತ ಆಗ್ಯಾಳ."

"ಬೈಯಂಗಿಲ್ಲೇನು ನೀ?" ಎಂದರು ದೊಡ್ಡಪ್ಪ.

"ಬೈದ್ರ ಕೇಳಬೇಕಲ್ರಿ?" ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಅಕ್ಷರ ಹೇಗಿದೆಯೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳೇ ಹೇಳಿದಳು: ಈಗಲೂ ಸೋಮವಾರಕ್ಕೊಮ್ಮೆ ಬೂದಿ ಹಚ್ಚಿ ತಿಕ್ಕುತ್ತಾಳೆ, ಕಟ್ಟೆಯ ತಂತಿ ನಯವಾಗಿದೆ, ಗೆರೆಯೊಳಗಿನ ಕರಿ ಅಲ್ಲಲ್ಲಿ ಉದುರಿದೆ, ಮುಂದಿನ ಸಲ ಬಂದಾಗ ತುಂಬಿಕೊಡಬೇಕು.

"ಆಕಿನ್ನೇ ಕಳಸು," ಎಂದೆ. "ಬಸ್ ಅಂತೂ ಗೊತ್ತದ."

ತಾಯಿ ಉಡಿದಾರದ ಅಳತೆಗೆ ತಂದಿದ್ದ ನೂಲನ್ನು ಬಿಚ್ಚಿ ಮಣೆಯ ಮೇಲೆ ಹಾಸುತ್ತ, "ಕಳಸ್ತೀನ್ರಿ," ಎಂದಳು. "ಸಂತಿ ದಿನ ಬರ್ತಾಳ. ಊಟಕ್ಕ ಇಟ್ಟಿರ್ರಿ."